ದಶಮಿಯ ಊಟ, ದ್ವಾದಶಿಯ ಓಟ

ಏಕಾದಶಿ ಭಾನುವಾರ ಬಂದರೆ ಓಟಗಾರರ ಗುಂಪುಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ವಾರದ ದೊಡ್ಡ ಓಟವನ್ನು ಏನು ಮಾಡುವುದು? ಬೆಂಗಳೂರಿನಲ್ಲಿ ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆಸುವ ಹೆಚ್ಚಿನವರು ಹದಿನೈದು, ಹದಿನೆಂಟು ಕಿಲೋಮೀಟರ್ ಓಡುವುದು ಭಾನುವಾರ ಬೆಳಗಿನ ಜಾವವೇ. ಅವರಲ್ಲಿ ಏಕಾದಶಿ ಬಿಡದವರು ಸಾಕಷ್ಟು ಮಂದಿ ಇದ್ದಾರೆ. ಅಧಿಕಮಾಸ ಇಲ್ಲದ ವರ್ಷದಲ್ಲೂ 24 ಏಕಾದಶಿಗಳು ಬರುತ್ತವೆ. ಹದಿನೈದು ದಿನಕ್ಕೊಮ್ಮೆ ಬರುವ ಉಪವಾಸವನ್ನು ಬದಿಗಿಟ್ಟು ವ್ಯಾಯಾಮದ ವೇಳಾಪಟ್ಟಿ ಹಾಕಲು ಆಗುವುದಿಲ್ಲ, ಅದನ್ನು ಪಟ್ಟಿಯ ಒಳಗೇ ತರಬೇಕು.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ: "ಬೆಳಿಗ್ಗೆ ಐದಕ್ಕೇ ಓಡಿ ಮುಗಿಸಿಬಿಡಿ, ಹೇಗೂ ಖಾಲಿ ಹೊಟ್ಟೆಯಲ್ಲೇ ಓಡುತ್ತೀರಲ್ಲ." ಕೇಳಲು ಸರಿಯಾಗಿಯೇ ಇದೆ. ಓಡಿ ನೋಡಿದರೂ ಸರಿಯಾಗಿಯೇ ಇರುತ್ತದೆ. ಏಕಾದಶಿಯ ಬೆಳಗಿನ ಓಟ ಬಹಳಷ್ಟು ಜನರಿಗೆ ಏನೂ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಆ ದಿನದ ಸಂಜೆ ನಾಲ್ಕು ಗಂಟೆ, ಅದರ ನಂತರದ ರಾತ್ರಿ, ಮಾರನೆಯ ಬೆಳಿಗ್ಗೆ. ಖಾಲಿ ಹೊಟ್ಟೆಯಲ್ಲಿ ಓಡುವ ದಿನ ಎಂಟು ಗಂಟೆಗೆ ತಿಂಡಿ ಸಿಗುತ್ತದೆ. ಏಕಾದಶಿಯ ದಿನ ಅದು ಸಿಗುವುದು 24 ಗಂಟೆ ಕಳೆದ ಮೇಲೆ.

ಏಕಾದಶಿ ವ್ರತವನ್ನು ಬಲ್ಲವರು ಅದನ್ನು ಮೂರು ದಿನದ ವ್ರತ ಎಂದೇ ಹೇಳುತ್ತಾರೆ. ದಶಮಿಯಂದು ಒಂದೇ ಊಟ, ಏಕಾದಶಿಯಂದು ಉಪವಾಸ, ದ್ವಾದಶಿಯಂದು ಪಾರಣೆ ಮತ್ತು ಅಂದೂ ಒಂದೇ ಊಟ. ವ್ಯಾಯಾಮ ಮಾಡುವವರೂ ಅದನ್ನು ಹೀಗೆಯೇ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕಾದಶಿಯ ದಿನ ಏನು ಮಾಡಬೇಕೆಂಬುದು ಸುಲಭದ ಪ್ರಶ್ನೆ. ದಶಮಿಯ ಮಧ್ಯಾಹ್ನ ಏನು ಉಂಡಿರಿ, ದ್ವಾದಶಿಯ ಬೆಳಿಗ್ಗೆ ಎಷ್ಟು ತಾಳಿಕೊಂಡಿರಿ ಎಂಬುದರ ಮೇಲೆ ಉಳಿದದ್ದು ನಿಂತಿದೆ.

ಒಳಗಿನ ದಾಸ್ತಾನು

ನಾವು ತಿಂದ ಅನ್ನ, ಹಣ್ಣು, ಸಿಹಿ ಎಲ್ಲವೂ ಗ್ಲೂಕೋಸ್ ಆಗಿ, ಹೆಚ್ಚಾದದ್ದು ಗ್ಲೈಕೋಜನ್ ಎಂಬ ರೂಪದಲ್ಲಿ ಎರಡು ಕಡೆ ಸಂಗ್ರಹವಾಗುತ್ತದೆ. ಸ್ನಾಯುಗಳಲ್ಲಿ ಸುಮಾರು 300ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 80ರಿಂದ 100 ಗ್ರಾಂ. ಯಕೃತ್ತಿನದು ಮನೆಮಂದಿಗೆಲ್ಲ ಸೇರಿದ ಕಣಜ, ಮಿದುಳಿಗೂ ರಕ್ತಕ್ಕೂ ಅಲ್ಲಿಂದಲೇ ಅಳೆದು ಕೊಡುವುದು. ಸ್ನಾಯುವಿನಲ್ಲಿರುವುದು ಆ ಸ್ನಾಯುವಿಗಷ್ಟೇ, ಅದು ರಕ್ತಕ್ಕೆ ಮರಳುವುದಿಲ್ಲ. ಹೀಗಾಗಿ ಕಾಲಿನಲ್ಲಿ ಶಕ್ತಿ ಉಳಿದಿದ್ದರೂ ತಲೆ ಹಗುರಾಗುವುದು, ಕೈ ನಡುಗುವುದು, ಸಿಡಿಮಿಡಿ ಎನಿಸುವುದು ಸಾಧ್ಯ. ಊಟ ನಿಂತ ಸುಮಾರು ಒಂದು ದಿನದಲ್ಲಿ ಯಕೃತ್ತಿನ ಸಂಗ್ರಹ ಬಹುಮಟ್ಟಿಗೆ ಮುಗಿಯುತ್ತದೆ. ಆಮೇಲೆ ದೇಹ ಕೊಬ್ಬನ್ನೂ ಸ್ವಲ್ಪಮಟ್ಟಿಗೆ ಪ್ರೋಟೀನನ್ನೂ ಬಳಸಿ ನಡೆಯುತ್ತದೆ. ಆರೋಗ್ಯವಂತರಿಗೆ ಇದರಿಂದ ಅಪಾಯವಿಲ್ಲ, ನಡೆದಾಡುವುದಕ್ಕೆ, ಜಪಕ್ಕೆ, ಮನೆಕೆಲಸಕ್ಕೆ ಸಾಲುತ್ತದೆ. ವೇಗದ ಓಟಕ್ಕೂ ಭಾರ ಎತ್ತುವುದಕ್ಕೂ ಸಾಲುವುದಿಲ್ಲ.

ಇನ್ನೊಂದು ಸಂಗತಿ ನೀರಿನದು. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅದು ಕರಗಿದಾಗ ನೀರೂ ಬಿಡುಗಡೆಯಾಗಿ ಹೊರಹೋಗುತ್ತದೆ. ದ್ವಾದಶಿಯ ಬೆಳಿಗ್ಗೆ ತೂಕದ ಯಂತ್ರ ಒಂದೂವರೆ, ಎರಡು ಕಿಲೋ ಕಡಿಮೆ ತೋರಿಸಿದಾಗ ಹಿಗ್ಗುವವರಿದ್ದಾರೆ. ಅದರಲ್ಲಿ ಕೊಬ್ಬಿನ ಪಾಲು ಹೆಚ್ಚೆಂದರೆ ಕಾಲು ಕಿಲೋ. ಉಳಿದದ್ದು ನೀರು, ಗ್ಲೈಕೋಜನ್, ಖಾಲಿಯಾದ ಕರುಳು.

ನಿಮ್ಮ ಉಪವಾಸ ಯಾವುದು?

ಏಕಾದಶಿ ಎಂದಾಕ್ಷಣ ಎಲ್ಲರದೂ ಒಂದೇ ಅಲ್ಲ. ಮಾಧ್ವ ಮನೆಗಳಲ್ಲಿ ನಿರ್ಜಲವಾಗಿ, ಗುಟುಕು ನೀರೂ ಇಲ್ಲದೆ ಮಾಡುವವರಿದ್ದಾರೆ. ನೀರು ಅಥವಾ ತೀರ್ಥ ಮಾತ್ರ ತೆಗೆದುಕೊಳ್ಳುವವರಿದ್ದಾರೆ. ಹಾಲು ಹಣ್ಣಿನಲ್ಲಿ ಕಳೆಯುವವರು, ಸಬ್ಬಕ್ಕಿ ಉಪ್ಪಿಟ್ಟು, ಅವಲಕ್ಕಿಯಂಥ ಫಲಾಹಾರ ಮಾಡುವವರು ಇನ್ನೂ ಹೆಚ್ಚು. ವ್ಯಾಯಾಮದ ಲೆಕ್ಕ ಇದರ ಮೇಲೆ ಪೂರ್ತಿ ಬದಲಾಗುತ್ತದೆ.

ನಿರ್ಜಲ ಮಾಡುವವರಿಗೆ ಏಕಾದಶಿಯಂದು ಬೆವರು ಬರಿಸುವ ಯಾವ ವ್ಯಾಯಾಮವೂ ಬೇಡ. ಸುಮ್ಮನೆ ಕುಳಿತಿದ್ದರೂ ಉಸಿರು ಮತ್ತು ಚರ್ಮದ ಮೂಲಕ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ಹೋಗುತ್ತದೆ, ಮೂತ್ರವಾಗಿ ಕನಿಷ್ಠ ಅರ್ಧ ಲೀಟರ್. ದಶಮಿಯ ರಾತ್ರಿ ಒಂಬತ್ತರಿಂದ ದ್ವಾದಶಿಯ ಬೆಳಿಗ್ಗೆ ಆರರ ತನಕ 33 ಗಂಟೆಯಾಯಿತು. ಅಷ್ಟರಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ಕಳೆದಿರುತ್ತೀರಿ. ದೇಹತೂಕದ ಶೇಕಡಾ 2ರಷ್ಟು ನೀರು ಕಡಿಮೆಯಾದರೆ ಓಟದ ಸಾಮರ್ಥ್ಯ ಕುಗ್ಗುವುದು ಚೆನ್ನಾಗಿ ಗೊತ್ತಿರುವ ವಿಷಯ. 62 ಕಿಲೋ ತೂಕದವರಿಗೆ ಅದು ಒಂದೂಕಾಲು ಲೀಟರ್. ಅಂದರೆ ಹೆಜ್ಜೆ ಹಾಕದೆಯೇ ಆ ಗೆರೆ ದಾಟಿಯಾಗಿರುತ್ತದೆ. ಇದರ ಮೇಲೆ ಒಂದು ಗಂಟೆ ಓಡಿದರೆ ಬೆಂಗಳೂರಿನ ತಂಪಿನಲ್ಲೂ ಅರ್ಧದಿಂದ ಒಂದು ಲೀಟರ್ ಬೆವರು, ಮಂಗಳೂರು ಉಡುಪಿಗಳ ಧಗೆಯಲ್ಲಿ ಅದಕ್ಕಿಂತ ಹೆಚ್ಚು. ಜ್ಯೇಷ್ಠ ಶುದ್ಧದ ನಿರ್ಜಲ ಏಕಾದಶಿ ಬರುವುದು ಮೇ, ಜೂನ್ ಹೊತ್ತಿಗೆ. ರಾಯಚೂರು, ಕಲಬುರಗಿಯಲ್ಲಿ ಅಂದು ಬಿಸಿಲಿಗೆ ಹೋಗದಿರುವುದೇ ಮುಖ್ಯ, ವ್ಯಾಯಾಮದ ಮಾತು ಅಲ್ಲಿ ಏಳುವುದೇ ಇಲ್ಲ.

ನೀರು ಕುಡಿಯುವವರು ಬೆಳಿಗ್ಗೆ ಅಥವಾ ಸಂಜೆ ಇಪ್ಪತ್ತು, ಮೂವತ್ತು ನಿಮಿಷ ನಿಧಾನ ನಡೆಯಬಹುದು, ಸರಳ ಆಸನಗಳನ್ನು ಮಾಡಬಹುದು. ಫಲಾಹಾರದವರು ನಲವತ್ತು ನಿಮಿಷದ ಹಗುರ ಓಟ ಮಾಡಬಹುದು. ಅದೂ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ನಿಧಾನವಾಗಿರಬೇಕು. ಫಲಾಹಾರವಾಗಿ ಎರಡು ಗಂಟೆ ಕಳೆದ ಮೇಲಿನ ಸಂಜೆ ಅದಕ್ಕೆ ಒಳ್ಳೆಯ ಹೊತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಉಪವಾಸ ಮತ್ತು ವ್ಯಾಯಾಮದ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ರಂಜಾನಿನ ರೋಜಾವನ್ನು ಕುರಿತವು. ಇಫ್ತಾರ್‌ಗೆ ಒಂದು ಗಂಟೆ ಮುಂಚೆ ಹಗುರವಾಗಿ ವ್ಯಾಯಾಮ ಮಾಡಿ ಎಂಬುದು ಅವುಗಳಲ್ಲೊಂದು. ರೋಜಾ ಇರುವವರಿಗೆ ಅದು ಒಳ್ಳೆಯ ಸಲಹೆ, ಬೆವರು ಆರುವಷ್ಟರಲ್ಲಿ ನೀರು, ಖರ್ಜೂರ, ಊಟ ಸಿಗುತ್ತದೆ. ಏಕಾದಶಿಯ ಸಂಜೆ ಸೂರ್ಯ ಮುಳುಗಿದ ಮೇಲೆ ಇನ್ನೂ ಒಂದು ಇಡೀ ರಾತ್ರಿ ಬಾಕಿ ಇರುತ್ತದೆ. ನಿರಾಹಾರದವರು ಆ ಸಲಹೆಯನ್ನು ಹಾಗೇ ಎತ್ತಿಕೊಂಡರೆ ಕೆಡುವುದು ಖಚಿತ.

ಒಂದು ವಾರವನ್ನು ಬಿಡಿಸಿ ನೋಡೋಣ

62 ಕಿಲೋ ತೂಕದ, ನಲವತ್ತು ದಾಟಿದ, ಕಚೇರಿ ಕೆಲಸದ ಓಟಗಾರ್ತಿ ಒಬ್ಬರನ್ನು ತೆಗೆದುಕೊಳ್ಳೋಣ. ಕಾಯಿಲೆಯಿಲ್ಲ, ಔಷಧಿಯಿಲ್ಲ. ಎರಡು ತಿಂಗಳಲ್ಲಿ ಹಾಫ್ ಮ್ಯಾರಥಾನ್ ಇದೆ. ಈ ಭಾನುವಾರ 18 ಕಿಲೋಮೀಟರ್ ಎಂದು ಪಟ್ಟಿಯಲ್ಲಿದೆ, ಅಂದೇ ಏಕಾದಶಿ. ನೀರು ಕುಡಿಯುತ್ತಾರೆ, ಬೇರೇನೂ ತೆಗೆದುಕೊಳ್ಳುವುದಿಲ್ಲ. ಶನಿವಾರ ದಶಮಿಗೆ ಮಧ್ಯಾಹ್ನ ಒಂದೇ ಊಟ, ರಾತ್ರಿ ಹಾಲು ಹಣ್ಣು ನಡೆಯುತ್ತದೆ.

ಮೊದಲು ಓಟದ ಖರ್ಚು. ಒಂದು ಕಿಲೋಮೀಟರ್ ಓಡಲು ಪ್ರತಿ ಕಿಲೋ ದೇಹತೂಕಕ್ಕೆ ಸುಮಾರು ಒಂದು ಕ್ಯಾಲರಿ ಬೇಕು ಎಂದು ಹಿಡಿದರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ. 18 ಕಿಲೋಮೀಟರಿಗೆ 1,100 ಕ್ಯಾಲರಿ ಆಯಿತು. ದೊಡ್ಡ ಓಟದ ವೇಗದಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಕಾರ್ಬೋಹೈಡ್ರೇಟಿನಿಂದ ಬರುತ್ತದೆ, ಅಂದರೆ 160 ಗ್ರಾಂ ಆಸುಪಾಸು. ಭಾನುವಾರ ಬೆಳಿಗ್ಗೆಯೇ ಇಷ್ಟನ್ನು ತೆಗೆದುಬಿಟ್ಟರೆ ಸೋಮವಾರ ಬೆಳಗಿನವರೆಗೆ ಒಂದು ಗ್ರಾಮೂ ವಾಪಸ್ಸು ಬರುವುದಿಲ್ಲ. ಹಾಗಾಗಿ ಭಾನುವಾರದ ಓಟವನ್ನು ಬಿಡಬೇಕು.

ಶನಿವಾರ ಬೆಳಿಗ್ಗೆಗೆ ತಂದರೆ? ತರಬಹುದು, ಪೂರ್ತಿ 18 ಬೇಡ. ಒಂದೇ ಊಟದಲ್ಲಿ 160 ಗ್ರಾಂ ನಷ್ಟವನ್ನು ತುಂಬಿ, ಮುಂದಿನ ಉಪವಾಸಕ್ಕೂ ಕೂಡಿಡುವುದು ಹೊಟ್ಟೆಗೆ ಭಾರ. 12 ಕಿಲೋಮೀಟರ್ ಓಡಿದರೆ ಖರ್ಚು ನೂರು, ನೂರಹತ್ತು ಗ್ರಾಂನಲ್ಲಿ ನಿಲ್ಲುತ್ತದೆ. ದಶಮಿಯಂದು ರಾತ್ರಿ ಊಟವನ್ನೂ ಮಾಡುವ ಮನೆಯವರಾದರೆ ಮಾತ್ರ 18ನ್ನೇ ಓಡಬಹುದು.

ಐದೂವರೆಗೆ ಓಡಲು ಹೊರಟು ಏಳಕ್ಕೆ ಮನೆಗೆ ಬಂದರು ಎನ್ನಿ. ಊಟ ಒಂದು ಗಂಟೆಗೆ. ನಡುವೆ ಸುಮ್ಮನೆ ಇರುವುದು ತಪ್ಪು. ಒಂದು ಲೋಟ ಹಾಲು, ಎರಡು ಮೂರು ಏಲಕ್ಕಿ ಬಾಳೆಹಣ್ಣು, ಉಪ್ಪು ಹಾಕಿದ ನೀರುಮಜ್ಜಿಗೆ ಆಗಲೇ ಆಗಬೇಕು. ಓಡಿದ ಮೊದಲ ಎರಡು ಗಂಟೆಯಲ್ಲಿ ಸ್ನಾಯುಗಳು ಗ್ಲೂಕೋಸನ್ನು ಬೇಗ ಎಳೆದುಕೊಳ್ಳುತ್ತವೆ. ಒಂದು ಗಂಟೆಯ ಊಟದಲ್ಲಿ ಮೂರು ಬಟ್ಟಲು ಅನ್ನ, ಗಟ್ಟಿಯಾದ ತೊವ್ವೆ, ಪಲ್ಯ, ಒಂದು ಬಟ್ಟಲು ಪಾಯಸ, ಮೊಸರು. ಒಂದು ಬಟ್ಟಲು ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಪಾಯಸದಿಂದ 40 ಸಿಗುತ್ತದೆ. ತೊವ್ವೆ, ಮೊಸರು ಸೇರಿದರೆ ಊಟದಲ್ಲೇ ಇನ್ನೂರು ದಾಟುತ್ತದೆ. ರಾತ್ರಿಯ ಹಾಲು, ಖರ್ಜೂರ, ಬಾಳೆಹಣ್ಣು ಐವತ್ತು ಗ್ರಾಂ ಕೊಡುತ್ತವೆ. ಬೆಳಗಿನದನ್ನೂ ಕೂಡಿಸಿದರೆ 300ರ ಹತ್ತಿರ ಬಂತು. ಎಣ್ಣೆಯಲ್ಲಿ ಕರಿದದ್ದನ್ನು ಈ ಊಟದಲ್ಲಿ ಕಡಿಮೆ ಮಾಡಿ, ಹೊಟ್ಟೆಯಲ್ಲಿ ಜಾಗ ಹಿಡಿಯುತ್ತದೆ, ಸಂಗ್ರಹಕ್ಕೆ ಕೊಡುವುದು ಕಡಿಮೆ. ಉಪ್ಪಿನಕಾಯಿ, ಹಪ್ಪಳಗಳನ್ನು ಗುಡ್ಡೆ ಹಾಕಿಕೊಂಡರೆ ರಾತ್ರಿ ಬಾಯಾರಿಕೆ ಏಳುತ್ತದೆ.

ನೀರಿನ ವಿಷಯದಲ್ಲಿ ಜನ ಮಾಡುವುದು, ಮುಖ್ಯವಾಗಿ ನಿರ್ಜಲದವರು, ದಶಮಿಯ ರಾತ್ರಿ ಮಲಗುವ ಮುನ್ನ ಎರಡು ಲೀಟರ್ ಒಟ್ಟಿಗೆ ಕುಡಿಯುವುದು. ಮೂತ್ರಪಿಂಡಗಳು ಅದನ್ನು ಎರಡು ಮೂರು ಗಂಟೆಯಲ್ಲಿ ಹೊರಗೆ ಹಾಕುತ್ತವೆ, ನಿದ್ದೆಯೂ ಕೆಡುತ್ತದೆ. ಓಟ ಮುಗಿದಾಗಿನಿಂದಲೇ ಗಂಟೆಗೊಂದು ಲೋಟದಂತೆ ಕುಡಿಯುತ್ತ ಬನ್ನಿ. ಊಟದ ಜೊತೆ, ಮಜ್ಜಿಗೆಯ ಜೊತೆ ಒಳಗೆ ಹೋದ ನೀರು ಉಪ್ಪಿನ ಕಾರಣಕ್ಕೆ ಹೆಚ್ಚು ಹೊತ್ತು ದೇಹದಲ್ಲಿ ನಿಲ್ಲುತ್ತದೆ. ರಾತ್ರಿ ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕು, ನೀರಿನಂತೆ ಬಿಳಿಯಾಗುವ ತನಕ ಕುಡಿಯಬೇಕಾಗಿಲ್ಲ.

ಭಾನುವಾರ ಓಟವಿಲ್ಲ. ದೇವಸ್ಥಾನಕ್ಕೆ ನಡೆದು ಹೋಗಿ ಬಂದರೆ ಅದೇ ಅಂದಿನ ವ್ಯಾಯಾಮ. ನಮ್ಮ ಓಟಗಾರ್ತಿ ಎರಡು ಲೀಟರ್ ನೀರನ್ನು ದಿನವಿಡೀ ಹಂಚಿಕೊಂಡು ಕುಡಿಯುತ್ತಾರೆ. ಅವರ ವ್ರತಕ್ಕೆ ಒಪ್ಪುವುದಾದರೆ ಒಂದೆರಡು ಲೋಟಕ್ಕೆ ಚಿಟಿಕೆ ಸೈಂಧವ ಲವಣ ಹಾಕಿಕೊಳ್ಳಬಹುದು. ಸೈಂಧವ ಲವಣದ ಬಹುಪಾಲು ಕೂಡ ಸೋಡಿಯಂ ಕ್ಲೋರೈಡೇ, ಬೆವರಿನಲ್ಲಿ ಹೋದ ಸೋಡಿಯಂ ಅದರಿಂದಲೂ ತುಂಬುತ್ತದೆ. ರಕ್ತದೊತ್ತಡದವರಿಗೆ ಅದು ಸಾದಾ ಉಪ್ಪಿಗಿಂತ ಹಗುರ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಎಳನೀರು ನಡೆಯುವವರಿಗೆ ಅದು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನ ನಷ್ಟಕ್ಕೆ ಎಳನೀರು ಒಂದೇ ಸಾಲದು.

ಮಧ್ಯಾಹ್ನ ಮೂರರ ಹೊತ್ತಿಗೆ ತಲೆನೋವು ಬರುತ್ತದೆ. ಇದನ್ನು ಹಸಿವಿನ, ಪಿತ್ತದ ಲೆಕ್ಕಕ್ಕೆ ಬರೆಯುವುದು ವಾಡಿಕೆ. ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಕುಡಿಯುವ ಮನೆಗಳಲ್ಲಿ ಅದು ಬಹುತೇಕ ಕಾಫಿ ನಿಂತದ್ದರ ತಲೆನೋವು. ಕೊನೆಯ ಕಾಫಿಯಾಗಿ 12ರಿಂದ 24 ಗಂಟೆಗೆ ಶುರುವಾಗಿ, ಒಂದೆರಡು ದಿನದ ಹೊತ್ತಿಗೆ ತಾರಕಕ್ಕೇರುವುದು ಅದರ ಗುಣ. ಶನಿವಾರ ಸಂಜೆ ಕಾಫಿ ಕುಡಿದವರಿಗೆ ಭಾನುವಾರ ಮಧ್ಯಾಹ್ನ ಸರಿಯಾಗಿ ಆ ಅವಧಿ. ನೀರು ಕುಡಿದರೂ ಮಲಗಿದರೂ ಪೂರ್ತಿ ಇಳಿಯದಿದ್ದರೆ ಕಾಫಿಯದೇ ಎಂದು ತಿಳಿಯಿರಿ. ಪರಿಹಾರ ಬುಧವಾರದಿಂದಲೇ ಆರಂಭಿಸಬೇಕು. ಬುಧವಾರ, ಗುರುವಾರ ಎರಡೆರಡು ಲೋಟ, ಶುಕ್ರವಾರ ಒಂದು, ಶನಿವಾರ ಬೆಳಿಗ್ಗೆ ಅರ್ಧ. ನಾಲ್ಕು ದಿನದ ಈ ಇಳಿಕೆ ಏಕಾದಶಿಯ ಅರ್ಧ ಕಷ್ಟವನ್ನು ಕಳೆಯುತ್ತದೆ. ತಲೆನೋವಿಗೂ ಮಂಡಿನೋವಿಗೂ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ನುಂಗುವ ಅಭ್ಯಾಸ ಓಟಗಾರರಲ್ಲಿ ಇದೆ. ಉಪವಾಸದ ಖಾಲಿ ಹೊಟ್ಟೆಗೆ, ನೀರು ಕಡಿಮೆಯಾದ ಮೂತ್ರಪಿಂಡಗಳಿಗೆ ಅವು ಹಾನಿ ಮಾಡುತ್ತವೆ. ಈ ಮೂರು ದಿನ ಅವನ್ನು ಮುಟ್ಟಬಾರದು.

ದ್ವಾದಶಿಯ ಬೆಳಿಗ್ಗೆ

ನನ್ನ ಮಟ್ಟಿಗೆ ಮೂರು ದಿನಗಳಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಈ ಹೊತ್ತಿಗೆ. ಸೋಮವಾರ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಮೈ ಹಗುರವಾಗಿರುತ್ತದೆ, ಮನಸ್ಸು ತಿಳಿಯಾಗಿರುತ್ತದೆ. ಪಾರಣೆಗೆ ಇನ್ನೂ ಒಂದು ಗಂಟೆಯಿದೆ, ಭಾನುವಾರ ತಪ್ಪಿದ ಓಟವನ್ನು ಈಗ ಮುಗಿಸಿಬಿಡೋಣ ಎನಿಸುತ್ತದೆ. ಶನಿವಾರ ಒಂದು ಗಂಟೆಯ ಊಟದಿಂದ ಲೆಕ್ಕ ಹಾಕಿದರೆ ಗಟ್ಟಿ ಆಹಾರ ಕಂಡು ಆಗಲೇ 40 ಗಂಟೆ. ರಾತ್ರಿಯ ಹಾಲು ಹಣ್ಣಿನಿಂದ ಹಿಡಿದರೂ 32. ಯಕೃತ್ತಿನ ಸಂಗ್ರಹ ತಳ ಕಂಡಿದೆ, ರಕ್ತದೊತ್ತಡ ಎಂದಿಗಿಂತ ತಗ್ಗಿದೆ. ಈ ಹೊತ್ತಿನ ಓಟದಲ್ಲಿ, ಜಿಮ್‌ನ ಸ್ಕ್ವಾಟ್‌ನಲ್ಲಿ ಕಣ್ಣು ಕತ್ತಲೆ ಬಂದು ಬೀಳುವ ಸಾಧ್ಯತೆ ಹೆಚ್ಚು.

ಆ ಹಗುರವನ್ನು ಅಳೆಯಲು ಒಂದು ಸರಳ ದಾರಿಯಿದೆ. ಎದ್ದ ಕೂಡಲೇ ಐದು ನಿಮಿಷ ಮಲಗಿಯೇ ಇದ್ದು ಒಂದು ನಿಮಿಷದ ನಾಡಿ ಎಣಿಸಿ. ಎದ್ದು ನಿಂತು ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಹತ್ತು, ಹದಿನೈದು ಬಡಿತ ಹೆಚ್ಚಾಗುವುದು ಸಹಜ. ಮೂವತ್ತು ದಾಟಿದರೆ, ಅಥವಾ ನಿಂತಾಗ ತಲೆ ಸುತ್ತಿದರೆ ದೇಹದಲ್ಲಿ ನೀರು ಉಪ್ಪು ಚೆನ್ನಾಗಿ ಕಡಿಮೆಯಾಗಿದೆ ಎಂದರ್ಥ. ಅಂಥವರು ಅಂದು ವ್ಯಾಯಾಮದ ವಿಚಾರವನ್ನೇ ಬಿಡಬೇಕು. ಹಾಸಿಗೆಯಿಂದ ಥಟ್ಟನೆ ಏಳುವುದೂ ಬೇಡ, ಸ್ವಲ್ಪ ಕುಳಿತು ಏಳಿ. ಪಾರಣೆಗೆ ಮುನ್ನ ಬಿಸಿನೀರಿನ ಸ್ನಾನದಲ್ಲಿ ತಲೆ ತಿರುಗಿದವರು ಕಡಿಮೆಯಿಲ್ಲ. ಬಿಸಿಗೆ ರಕ್ತನಾಳಗಳು ಹಿಗ್ಗಿ ಒತ್ತಡ ಇನ್ನಷ್ಟು ಇಳಿಯುತ್ತದೆ, ಆದ್ದರಿಂದ ಉಗುರುಬೆಚ್ಚಗಿನ ನೀರೇ ಸಾಕು.

ಪಾರಣೆಯನ್ನು ಸೂರ್ಯೋದಯವಾದ ಕೂಡಲೇ ಮುಗಿಸುವ ಪದ್ಧತಿ ವ್ಯಾಯಾಮದವರಿಗೂ ಅನುಕೂಲ. ಕೆಲವು ದಿನ ದ್ವಾದಶಿ ತಿಥಿ ಬೇಗ ಮುಗಿಯುವುದರಿಂದ ಸಮಯ ಇನ್ನೂ ಬಿಗಿಯಾಗಿರುತ್ತದೆ. ಹಿಂದಿನ ದಿನವೇ ಪಂಚಾಂಗ ನೋಡಿ ಅಡುಗೆಗೆ ಅಣಿ ಮಾಡಿಟ್ಟುಕೊಳ್ಳಿ. ಮೊದಲು ಒಂದು ಲೋಟ ನೀರು ನಿಧಾನವಾಗಿ. ನಿರ್ಜಲ ಮಾಡಿದವರು ಒಂದೇ ಗುಟುಕಿಗೆ ಚೊಂಬು ಎತ್ತಿದರೆ ವಾಂತಿಯಾಗುತ್ತದೆ, ಹತ್ತು ನಿಮಿಷದಲ್ಲಿ ಒಂದು ಲೋಟ ಸಾಕು. ಆಮೇಲೆ ಊಟ. ದ್ವಾದಶಿಯ ಎಲೆಯ ಮೇಲಿನ ಅಗಸೆ ಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆ, ಅನ್ನ, ತುಪ್ಪ, ಮಜ್ಜಿಗೆ ಇವುಗಳನ್ನು ನೋಡಿದರೆ ಒಬ್ಬ ಆಹಾರತಜ್ಞರು ಬದಲಿಸಬೇಕಾದದ್ದು ಹೆಚ್ಚೇನಿಲ್ಲ. ಅನ್ನ ಹೆಸರುಬೇಳೆ ಬೇಗ ಅರಗಿ ಸಂಗ್ರಹ ತುಂಬುತ್ತವೆ, ಬೇಳೆಯಿಂದ ಪ್ರೋಟೀನು, ಮಜ್ಜಿಗೆಯಿಂದ ನೀರು ಮತ್ತು ಉಪ್ಪು. ಎದೆಯುರಿ ಇರುವವರು ನೆಲ್ಲಿಕಾಯಿಯನ್ನು ಮೊದಲಿಗೆ ನಾಲಿಗೆಗೆ ಸೋಕಿಸಿ, ಉಳಿದದ್ದನ್ನು ಊಟದ ನಡುವೆ ಅನ್ನದ ಜೊತೆ ತಿನ್ನಬಹುದು. ಕಾಫಿ ಊಟವಾದ ಮೇಲೆ ಬರಲಿ, ಮೊದಲಿಗಲ್ಲ.

ಮೊದಲ ಊಟ ಎಂದಿನ ಮುಕ್ಕಾಲು ಪಾಲಿನಷ್ಟಿದ್ದರೆ ಒಳ್ಳೆಯದು. ಎರಡು ಬಟ್ಟಲು ಅನ್ನ ಸಾಕು. ಹೊಟ್ಟೆ ಬಿರಿಯುವಂತೆ ಉಂಡವರು ಹತ್ತು ಗಂಟೆಗೆ ಕಚೇರಿಯಲ್ಲಿ ತೂಕಡಿಸುವುದು ಸಕ್ಕರೆ ಮತ್ತು ಇನ್ಸುಲಿನ್‌ಗಳ ಏರಿಳಿತದಿಂದ. ಉಳಿದದ್ದನ್ನು ಹನ್ನೊಂದಕ್ಕೆ ಹಣ್ಣು, ಹುರಿದ ಕಡಲೆಕಾಯಿಯಾಗಿ, ಮಧ್ಯಾಹ್ನದ ಊಟವಾಗಿ ತೆಗೆದುಕೊಳ್ಳಿ. ದ್ವಾದಶಿಯಂದೂ ಒಂದೇ ಊಟ ಎನ್ನುವವರು ಹಾಲು, ಹಣ್ಣು, ಮಜ್ಜಿಗೆಗಳನ್ನಾದರೂ ನಡುನಡುವೆ ಸೇರಿಸಿಕೊಳ್ಳಬೇಕು, ಮತ್ತು ಅಂದು ಓಡಬಾರದು.

ನೀರಿನ ಲೆಕ್ಕಕ್ಕೆ ತೂಕದ ಯಂತ್ರ ನೆರವಾಗುತ್ತದೆ. ಶನಿವಾರ ಬೆಳಿಗ್ಗೆ ಶೌಚವಾದ ಮೇಲೆ 62 ಇದ್ದದ್ದು ಸೋಮವಾರ ಅದೇ ಹೊತ್ತಿಗೆ 60.8 ಇದೆ ಎನ್ನಿ. ಕಳೆದ 1.2 ಕಿಲೋದ ಒಂದೂಕಾಲು, ಒಂದೂವರೆ ಪಟ್ಟು, ಅಂದರೆ ಸುಮಾರು ಒಂದೂವರೆಯಿಂದ ಒಂದೂಮುಕ್ಕಾಲು ಲೀಟರಿನ ತನಕ, ಮಧ್ಯಾಹ್ನದೊಳಗೆ ಹಂಚಿಕೊಂಡು ಕುಡಿಯಬೇಕು. ಕುಡಿದದ್ದರಲ್ಲಿ ಒಂದು ಪಾಲು ಮೂತ್ರವಾಗಿ ಹೋಗುವುದರಿಂದ ಈ ಹೆಚ್ಚುವರಿ. ಬರೀ ನೀರಿಗಿಂತ ಮಜ್ಜಿಗೆ, ತಿಳಿಸಾರು ಮೇಲು. ತೀರಾ ಬಳಲಿದವರಿಗೆ ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ, ಅದರ ಮೇಲೆ ಬರೆದಷ್ಟೇ ನೀರಿಗೆ. ಅದಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಮಟ್ಟ ಮಾಡಿದ ಚಮಚಗಳು.

ಸೋಮವಾರ ಸಂಜೆ ಹಗುರವೆನಿಸಿದರೆ ನಾಲ್ಕೈದು ಕಿಲೋಮೀಟರ್ ನಿಧಾನ ಓಟ. ಮಂಗಳವಾರ ಮಾಮೂಲಿನ ಸುಲಭ ಓಟ. ಖಾಲಿಯಾದ ಗ್ಲೈಕೋಜನ್ ತುಂಬಲು ಚೆನ್ನಾಗಿ ಉಂಡರೂ ಒಂದು ದಿನ ಬೇಕು. ಹಾಗಾಗಿ ವೇಗದ ಓಟವನ್ನೂ ಜಿಮ್‌ನ ಭಾರವನ್ನೂ ಬುಧವಾರಕ್ಕೆ ಇಟ್ಟುಕೊಳ್ಳಿ. ತಪ್ಪಿದ 18 ಕಿಲೋಮೀಟರ್ ಮುಂದಿನ ಭಾನುವಾರಕ್ಕೆ ಹೋಗುತ್ತದೆ. ವಾರದ ನಡುವೆ ಅದನ್ನು ತುರುಕಲು ಹೋಗಿ ಮೀನಖಂಡ ಹಿಡಿಸಿಕೊಳ್ಳುವುದಕ್ಕಿಂತ ಒಂದು ವಾರ ತಡವಾದರೆ ನಷ್ಟವೇನೂ ಇಲ್ಲ.

ಫಲಾಹಾರದಲ್ಲಿ ತಪ್ಪುವುದು

ಫಲಾಹಾರದವರಿಗೆ ಶಕ್ತಿಯ ಕೊರತೆ ಅಷ್ಟಾಗಿ ಕಾಡುವುದಿಲ್ಲ, ಪ್ರೋಟೀನಿನದು ಕಾಡುತ್ತದೆ. ಸಬ್ಬಕ್ಕಿ ಹೆಚ್ಚುಕಡಿಮೆ ಬರೀ ಪಿಷ್ಟ. ನೂರು ಗ್ರಾಂನಲ್ಲಿ 85ಕ್ಕೂ ಹೆಚ್ಚು ಗ್ರಾಂ ಕಾರ್ಬೋಹೈಡ್ರೇಟ್, ಪ್ರೋಟೀನು ಇಲ್ಲವೆನ್ನುವಷ್ಟು. ಅದನ್ನೇ ವಡೆ ಮಾಡಿ ಕರಿದು ತಿಂದರೆ ಮೇಲೆ ಎಣ್ಣೆಯೂ ಸೇರಿ, ಸಂಜೆಯ ಓಟದಲ್ಲಿ ಹೊಟ್ಟೆ ತೊಳಸುತ್ತದೆ. ಉಪ್ಪಿಟ್ಟಿಗೆ ಒಂದು ಹಿಡಿ ಕಡಲೆಕಾಯಿ ಬೀಜ, ಪಕ್ಕದಲ್ಲಿ ಒಂದು ಬಟ್ಟಲು ಗಟ್ಟಿ ಮೊಸರು ಇಟ್ಟರೆ ಹದಿನೈದು ಗ್ರಾಂನಷ್ಟು ಪ್ರೋಟೀನು ಬಂತು. ಬೆಳಿಗ್ಗೆ ರಾತ್ರಿ ಒಂದೊಂದು ಲೋಟ ಹಾಲಿನಿಂದ ಇನ್ನು ಹನ್ನೆರಡು, ಹದಿಮೂರು. ಸಂಜೆ ಓಡುವುದಿದ್ದರೆ ನಾಲ್ಕು ಗಂಟೆಗೆ ಬೇಯಿಸಿದ ಸಿಹಿಗೆಣಸು ಎಲ್ಲಕ್ಕಿಂತ ಒಳ್ಳೆಯದು, ಹೊಟ್ಟೆಗೂ ಹಗುರ. ಸಂಜೆಯ ತನಕ ಹಣ್ಣಿನ ರಸದಲ್ಲೇ ಕಳೆಯುವವರಿಗೆ ಎರಡೆರಡು ಗಂಟೆಗೊಮ್ಮೆ ಸಕ್ಕರೆ ಏರಿ ಇಳಿದು ನಿರಾಹಾರದವರಿಗಿಂತ ಹೆಚ್ಚು ಹಸಿವೆನಿಸುತ್ತದೆ.

ವೈಕುಂಠ ಏಕಾದಶಿಯ ಬಗ್ಗೆ ಎರಡು ಮಾತು. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳಗಿನ ಜಾವ ಮೂರು ನಾಲ್ಕರಿಂದ ವೈಕುಂಠ ದ್ವಾರದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದೂ ದೇಹಕ್ಕೆ ಶ್ರಮವೇ. ಅಲುಗದೆ ನಿಂತಾಗ ರಕ್ತ ಕಾಲಿನಲ್ಲಿ ಉಳಿಯುತ್ತದೆ, ಉಪವಾಸದವರು ಸಾಲಿನಲ್ಲಿ ಕುಸಿಯುವುದು ಹೀಗೆ. ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಕಣ್ಣು ಮಂಜಾಗುತ್ತಿದೆ ಎನಿಸಿದರೆ ಸಂಕೋಚವಿಲ್ಲದೆ ಅಲ್ಲೇ ಕುಳಿತುಬಿಡಿ.

ಯಾರು ಮಾಡಬಾರದು, ಯಾವಾಗ ಬಿಡಬೇಕು

ಮಕ್ಕಳು, ವೃದ್ಧರು, ರೋಗಿಗಳಿಗೆ ಸಂಪ್ರದಾಯವೇ ವಿನಾಯಿತಿ ಕೊಟ್ಟಿದೆ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಇನ್ಸುಲಿನ್ ಮೇಲಿರುವವರು, ಮೂತ್ರಪಿಂಡದ ಕಾಯಿಲೆಯವರು ನಿರಾಹಾರಕ್ಕೆ ಹೋಗಬಾರದು. ಸಕ್ಕರೆ ಕಾಯಿಲೆಯವರಲ್ಲಿ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆಯ ಜೊತೆ ನೀರನ್ನೂ ಹೊರಹಾಕುತ್ತವೆ. ಉಪವಾಸದಲ್ಲಿ ಅವುಗಳಿಂದ ರಕ್ತದಲ್ಲಿ ಆಮ್ಲ ಹೆಚ್ಚುವ ಗಂಭೀರ ಸ್ಥಿತಿ ಬರಬಹುದು, ಆಗ ಸಕ್ಕರೆಯ ಪ್ರಮಾಣ ಹೆಚ್ಚೇನೂ ಏರಿಲ್ಲವೆಂದು ಯಂತ್ರ ತೋರಿಸಿದರೂ ನಂಬುವಂತಿಲ್ಲ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರೂ ಎಚ್ಚರವಾಗಿರಬೇಕು. ಇವರೆಲ್ಲ ಏಕಾದಶಿಗೆ ಕನಿಷ್ಠ ಒಂದು ವಾರ ಮುಂಚೆ ವೈದ್ಯರೊಡನೆ ಮಾತಾಡಿ, ಯಾವ ಮಾತ್ರೆ ಎಂದು ನಿಲ್ಲಿಸಬೇಕು, ಎಂದು ಮತ್ತೆ ಶುರುಮಾಡಬೇಕು ಎಂದು ಬರೆಸಿಕೊಳ್ಳಬೇಕು. ತಾವಾಗಿಯೇ ಬಿಡಬಾರದು.

ಆರೋಗ್ಯವಂತರಾದರೂ ಕೆಲವು ಲಕ್ಷಣ ಕಂಡರೆ ಆ ಕ್ಷಣವೇ ನೀರು ಮತ್ತು ಸಿಹಿ ತೆಗೆದುಕೊಳ್ಳಬೇಕು. ಕುಳಿತಲ್ಲೇ ಎದೆ ಡವಗುಟ್ಟುವುದು, ತಣ್ಣನೆಯ ಬೆವರು, ಮಾತು ತಡವರಿಸುವುದು, ನಿಲ್ಲದ ವಾಂತಿ, ಹನ್ನೆರಡು ಗಂಟೆಯಾದರೂ ಮೂತ್ರ ಬಾರದಿರುವುದು. ಸಕ್ಕರೆ ನೋಡುವ ಯಂತ್ರ ಮನೆಯಲ್ಲಿದ್ದು 70ಕ್ಕಿಂತ ಕೆಳಗೆ ತೋರಿಸಿದರೂ ಅಷ್ಟೇ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ.

ಇನ್ನುಳಿದದ್ದು ಸ್ಪರ್ಧೆಯ ದಿನದ ಪ್ರಶ್ನೆ. ನೋಂದಣಿ ಮಾಡುವ ಮುನ್ನವೇ ನಿಮ್ಮ ಮಠದ ಪಂಚಾಂಗ ತೆರೆದು ನೋಡಿ, ಸ್ಮಾರ್ತರ ಏಕಾದಶಿಯೂ ವೈಷ್ಣವರದೂ ಕೆಲವೊಮ್ಮೆ ಒಂದು ದಿನ ಆಚೀಚೆ ಬರುತ್ತವೆ. ಸ್ಪರ್ಧೆ ದಶಮಿಯಂದು ಇದ್ದರೆ ಓಡಬಹುದು, ಆದರೆ ಆ ಪಕ್ಷ ಫಲಾಹಾರಕ್ಕೆ ಇಳಿಯುವುದು ಮೇಲು. ಏಕಾದಶಿಯಂದೇ ಇದ್ದರೆ ಉಪವಾಸ, ಓಟ ಎರಡರಲ್ಲಿ ಒಂದನ್ನು ಆರಿಸಬೇಕು. ದ್ವಾದಶಿಯ ಬೆಳಿಗ್ಗೆ ಇದ್ದರಂತೂ ಕಷ್ಟ. ಓಟ ಐದೂವರೆಗೆ ಶುರುವಾಗುತ್ತದೆ, ಪಾರಣೆ ಆರು ಗಂಟೆಯ ಮೇಲೆ. ನಿರಾಹಾರ ಮಾಡಿ ಆ ಗೆರೆಯಲ್ಲಿ ನಿಲ್ಲುವವರಿಗೆ ನಾನು ಹೇಳುವುದು, ಅಂದು ಗೆಳೆಯರಿಗೆ ನೀರು ಕೊಡುವ ಸ್ವಯಂಸೇವಕರಾಗಿ ಹೋಗಿ, ಪಾರಣೆ ಮುಗಿಸಿಕೊಂಡು.